ಬಡ್ಡಿ ಯಾವ ದಿನದಿಂದ? ಒಡವೆ ಇಡುವ ಮುಂಚೆ ಓದಬೇಕಾದ ಮೂರು ಷರತ್ತು

ಕೇಳುಗರಿಗೆ ನಮಸ್ಕಾರ.

ಚಿಂತಾಮಣಿ, ಶಿಡ್ಲಘಟ್ಟ, ಚಿಕ್ಕಬಳ್ಳಾಪುರ, ಯಾವ ಊರಿನ ಬಸ್ ಸ್ಟ್ಯಾಂಡ್ ಹತ್ತಿರ ನಿಂತರೂ ಚಿನ್ನದ ಸಾಲದ ಬೋರ್ಡ್ ಕಣ್ಣಿಗೆ ಬೀಳುತ್ತದೆ. ‘ತಿಂಗಳಿಗೆ ಕೇವಲ ಒಂದು ರೂಪಾಯಿ ಬಡ್ಡಿ’, ‘ಐದೇ ನಿಮಿಷದಲ್ಲಿ ಹಣ’ ಎಂದು ದಪ್ಪ ಅಕ್ಷರದಲ್ಲಿ ಬರೆದಿರುತ್ತಾರೆ. ಅಲ್ಲಿರುವುದು ಸುಳ್ಳಲ್ಲ. ಆದರೆ ಆ ದರ ಯಾರಿಗೆ, ಎಷ್ಟು ದಿನಕ್ಕೆ ಅನ್ನೋದು ಬೋರ್ಡಿನ ಮೇಲೆ ಇರುವುದಿಲ್ಲ. ಅದು ನೀವು ಸಹಿ ಹಾಕುವ ಕರಾರು ಪತ್ರದ ಒಳಗಿರುತ್ತದೆ. ಚಿನ್ನದ ಸಾಲದ ಕೌಂಟರ್‌ನಲ್ಲಿ ವರ್ಷಗಟ್ಟಲೆ ಕೂತವಳು ನಾನು. ಒಡವೆ ತೂಕಕ್ಕೆ ಹಾಕುವಾಗ ಜನ ತಕ್ಕಡಿಯ ಮೇಲಿನ ಕಣ್ಣು ತೆಗೆಯುವುದಿಲ್ಲ. ಪತ್ರ ಮುಂದಿಟ್ಟ ಕೂಡಲೇ ‘ಎಲ್ಲಿ ಸಹಿ ಹಾಕಬೇಕು ಮೇಡಂ?’ ಎಂದು ಕೇಳುತ್ತಾರೆ. ಇವತ್ತು ಆ ಪತ್ರದ ಬಗ್ಗೆಯೇ ಮಾತಾಡೋಣ.

ಮೊದಲು ಬಡ್ಡಿ. ಒಂದು ಲೆಕ್ಕ ಹಿಡಿದು ನೋಡೋಣ. ಶಿಡ್ಲಘಟ್ಟದ ಕಡೆ ಹಿಪ್ಪುನೇರಳೆ ಬೆಳೆದು ಹುಳು ಮೇಯಿಸುವ ಒಂದು ಮನೆ ಎಂದಿಟ್ಟುಕೊಳ್ಳಿ. ಕೊಳವೆ ಬಾವಿಯ ಮೋಟಾರು ಸುಟ್ಟುಹೋಗಿದೆ. ಮನೆಯಾಕೆ ತನ್ನ ಅವಲಕ್ಕಿ ಸರ, ಬಳೆ ತಂದು 1 ಲಕ್ಷ ರೂಪಾಯಿ ಸಾಲ ಕೇಳುತ್ತಾಳೆ. ಒಡವೆಯಲ್ಲಿರುವ ಚಿನ್ನದ ಬೆಲೆ ಒಂದೂವರೆ ಲಕ್ಷ.

ಒಂದು ಕಡೆ ವರ್ಷಕ್ಕೆ ಶೇಕಡಾ 12 ಬಡ್ಡಿ ಎನ್ನುತ್ತಾರೆ. ಇನ್ನೊಂದು ಕಡೆ ಶೇಕಡಾ 14. ಹನ್ನೆರಡೇ ಕಮ್ಮಿ, ಅಲ್ವಾ? ಈಗ ಮೊದಲನೆಯವರ ಪತ್ರ ತೆರೆಯಿರಿ. ಒಳಗೆ ಒಂದು ಪಟ್ಟಿ ಇದೆ. 30 ದಿನದೊಳಗೆ ಬಡ್ಡಿ ಪೂರ್ತಿ ಕಟ್ಟಿದರೆ ಶೇಕಡಾ 12. 31ನೇ ದಿನದಿಂದ 90ನೇ ದಿನದೊಳಗೆ ಕಟ್ಟಿದರೆ ಶೇಕಡಾ 18. 90 ದಿನ ದಾಟಿದರೆ ಶೇಕಡಾ 24. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನೊಂದು ಸಾಲು: ಹೆಚ್ಚಿನ ದರ ಸಾಲ ಕೊಟ್ಟ ದಿನದಿಂದಲೇ ಅನ್ವಯಿಸುತ್ತದೆ. ಕೆಲವು ಪತ್ರಗಳಲ್ಲಿ ಇದನ್ನೇ ತಿರುಗಿಸಿ ಬರೆದಿರುತ್ತಾರೆ. ಬಡ್ಡಿ ಶೇಕಡಾ 24, ಬೇಗ ಕಟ್ಟಿದವರಿಗೆ ರಿಯಾಯಿತಿ ಎಂದು. ಲೆಕ್ಕ ಎರಡರದ್ದೂ ಒಂದೇ.

ಆ ಸಣ್ಣ ಸಾಲಿನ ಪರಿಣಾಮ ನೋಡಿ. 1 ಲಕ್ಷಕ್ಕೆ 30ನೇ ದಿನ ಹೋಗಿ ಬಡ್ಡಿ ಕಟ್ಟಿದರೆ 986 ರೂಪಾಯಿ. ಒಂದೇ ಒಂದು ದಿನ ತಡವಾಗಿ 31ನೇ ದಿನ ಹೋದರೆ 1,529 ರೂಪಾಯಿ. ದರ ಏರಿದ್ದು ಆ ಒಂದು ದಿನಕ್ಕೆ ಮಾತ್ರ ಅಲ್ಲ. ಹಿಂದಿನ ಮೂವತ್ತು ದಿನಕ್ಕೂ ಸೇರಿ ಏರಿತು. ಅವತ್ತು ಭಾನುವಾರವೋ ಹಬ್ಬವೋ ಆಗಿ ಶಾಖೆ ಮುಚ್ಚಿದ್ದರೆ ಏನು ಲೆಕ್ಕ ಅನ್ನೋದನ್ನೂ ಮುಂಚೆಯೇ ಕೇಳಿಟ್ಟುಕೊಳ್ಳಿ.

ಈಗ ಆ ಮನೆಗೆ ದುಡ್ಡು ಯಾವಾಗ ಬರುತ್ತದೆ ಯೋಚಿಸಿ. ಒಂದೇ ತೋಟದ ಸೊಪ್ಪಿನಲ್ಲಿ ಒಂದು ಬೆಳೆ ಗೂಡು ಮಾರಿ ಇನ್ನೊಂದು ಬೆಳೆ ಗೂಡು ಮಾರುಕಟ್ಟೆಗೆ ತರಬೇಕಾದರೆ ಸುಮಾರು ಎರಡು ತಿಂಗಳು ಬೇಕು. ಅಂದರೆ ಆಕೆ ಬಡ್ಡಿ ಕಟ್ಟುವುದು ಅರವತ್ತು ದಿನಕ್ಕೊಮ್ಮೆ. ಹನ್ನೆರಡರ ದರ ಆಕೆಗೆ ಒಂದು ಸಲವೂ ಸಿಗುವುದಿಲ್ಲ. ಅರವತ್ತು ದಿನಕ್ಕೆ ಶೇಕಡಾ 18ರಂತೆ 2,959 ರೂಪಾಯಿ ಕಟ್ಟುತ್ತಾಳೆ. ಎರಡನೆಯವರು ಎಷ್ಟು ದಿನಕ್ಕೆ ಕಟ್ಟಿದರೂ ಶೇಕಡಾ 14 ಎಂದಿದ್ದರಲ್ಲ, ಅಲ್ಲಿ ಅದೇ ಅರವತ್ತು ದಿನಕ್ಕೆ 2,301 ರೂಪಾಯಿ. ಬೋರ್ಡಿನಲ್ಲಿ ಜಾಸ್ತಿ ಕಾಣಿಸಿದ ಸಾಲವೇ ಈ ಮನೆಗೆ ಅಗ್ಗ. ತಿಂಗಳ ಸಂಬಳ ಬರುವವರಿಗೆ ಮೊದಲನೆಯದು ಸರಿಹೋಗಬಹುದು. ಕೋಲಾರದ ಟೊಮೆಟೊ ಬೆಳೆಗಾರರಿಗೋ ರೇಷ್ಮೆಯವರಿಗೋ ಅದು ಹೊಂದುವುದಿಲ್ಲ. ಹಾಗಾಗಿ ದರ ಕೇಳುವ ಮೊದಲು ನಿಮ್ಮ ಕೈಗೆ ದುಡ್ಡು ಬರುವ ತಾರೀಖನ್ನು ಲೆಕ್ಕ ಹಾಕಿ. ಆಮೇಲೆ ಕೌಂಟರ್‌ನಲ್ಲಿ ಹೀಗೆ ಕೇಳಿ: ‘ನಾನು ಅರವತ್ತನೇ ದಿನ ಬಂದರೆ ಒಟ್ಟು ಎಷ್ಟು ಕಟ್ಟಬೇಕು? ಒಂದು ವರ್ಷ ಏನೂ ಕಟ್ಟದೆ ಬಂದರೆ ಎಷ್ಟು?’ ಉತ್ತರವನ್ನು ಶೇಕಡಾದಲ್ಲಿ ಅಲ್ಲ, ರೂಪಾಯಿಯಲ್ಲಿ ಬರೆದುಕೊಡಿ ಅನ್ನಿ. ಹಾಗೆ ಕೇಳುವುದಕ್ಕೆ ಸಂಕೋಚ ಬೇಡ.

ಈ ಪ್ರಶ್ನೆಗೆ ಆಧಾರವೂ ಇದೆ. 2024ರ ಅಕ್ಟೋಬರ್‌ನಿಂದ ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು ಇಂಥ ಸಾಲಗಳಿಗೆ ಮುಖ್ಯ ವಿವರಗಳ ಒಂದು ಪತ್ರ ಕೊಡಲೇಬೇಕು. ಅದನ್ನು ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್ ಎನ್ನುತ್ತಾರೆ. ಸಾಲಗಾರರಿಗೆ ಅರ್ಥವಾಗುವ ಭಾಷೆಯಲ್ಲಿ ಅದು ಇರಬೇಕು, ಅಂದರೆ ನಮಗೆ ಕನ್ನಡದಲ್ಲಿ. ಬಡ್ಡಿಯ ಜೊತೆಗೆ ಪ್ರೊಸೆಸಿಂಗ್ ಶುಲ್ಕ, ಚಿನ್ನ ಪರೀಕ್ಷೆಯ ಶುಲ್ಕ ಎಲ್ಲ ಸೇರಿ ವರ್ಷಕ್ಕೆ ನಿಜವಾಗಿ ಎಷ್ಟು ಬೀಳುತ್ತದೆ ಎಂಬ ದರ ಅದರಲ್ಲಿರುತ್ತದೆ.

ಎರಡನೆಯದು ನವೀಕರಣ. ನಮ್ಮ ಕಡೆ ‘ರಿನ್ಯೂವಲ್ ಮಾಡಿಸಿದೆ’ ಎಂದು ಸುಲಭವಾಗಿ ಹೇಳುತ್ತೇವೆ. ಹಳೆ ಸಾಲ ಹಾಗೇ ಮುಂದುವರಿಯಿತು ಅಂತ ಅಂದುಕೊಳ್ಳುತ್ತೇವೆ. ಹಾಗಲ್ಲ. ಹಳೆ ಸಾಲ ಮುಗಿದು ಹೊಸ ಸಾಲ ಶುರುವಾಗುತ್ತದೆ. ಅವತ್ತಿನ ಚಿನ್ನದ ಬೆಲೆ, ಅವತ್ತಿನ ಬಡ್ಡಿ ದರ, ಹೊಸ ಶುಲ್ಕ.

ಎಡವಟ್ಟಾಗುವುದು ಬಾಕಿ ಬಡ್ಡಿಯಲ್ಲಿ. ಆ ಮನೆಯಾಕೆ ಒಂದು ವರ್ಷ ಏನೂ ಕಟ್ಟಲಾಗಲಿಲ್ಲ ಎನ್ನಿ. ಶೇಕಡಾ 24ರಂತೆ ಬಾಕಿ 1,24,000 ರೂಪಾಯಿ. ಆ ಮೊತ್ತಕ್ಕೇ ಹೊಸ ಸಾಲ ಬರೆದುಕೊಂಡರೆ ಕೈಯಿಂದ ಒಂದು ಪೈಸೆ ಕೊಡಬೇಕಿಲ್ಲ, ನೆಮ್ಮದಿ ಅನ್ನಿಸುತ್ತದೆ. ಆದರೆ ಮುಂದಿನ ವರ್ಷ ಬಡ್ಡಿ ಓಡುವುದು 1 ಲಕ್ಷದ ಮೇಲೆ ಅಲ್ಲ, 1,24,000ದ ಮೇಲೆ. ಎರಡು ವರ್ಷ ಮುಗಿಯುವ ಹೊತ್ತಿಗೆ 1,53,760 ರೂಪಾಯಿ. ಒಡವೆಯ ಬೆಲೆಯನ್ನೇ ದಾಟಿತು.

ಇದನ್ನು ತಡೆಯಲೆಂದೇ ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊಸ ನಿರ್ದೇಶನ ಹೊರಡಿಸಿತು. ಬ್ಯಾಂಕುಗಳು, ಫೈನಾನ್ಸ್ ಕಂಪನಿಗಳು 2026ರ ಏಪ್ರಿಲ್ 1ರೊಳಗೆ ಅದನ್ನು ಜಾರಿಗೆ ತರಬೇಕೆಂದು ಹೇಳಿತು. ಅಸಲು, ಬಡ್ಡಿ ಎರಡನ್ನೂ ಕೊನೆಗೆ ಒಟ್ಟಿಗೆ ಕಟ್ಟುವ ಸಾಲವನ್ನು ಮನೆ ಖರ್ಚಿಗೆ ಪಡೆದಿದ್ದರೆ ಅದರ ಅವಧಿ 12 ತಿಂಗಳು ಮೀರುವಂತಿಲ್ಲ. ಅಲ್ಲಿವರೆಗಿನ ಬಡ್ಡಿ ಕಟ್ಟಿದ ಮೇಲೆಯೇ ಅಂಥ ಸಾಲದ ನವೀಕರಣ. ಅದೂ ಸಾಲಗಾರರು ತಾವಾಗಿ ಕೇಳಿಕೊಂಡರೆ ಮಾತ್ರ. ಆದ್ದರಿಂದ ನಿಮ್ಮ ಪತ್ರದಲ್ಲಿ ‘ಅವಧಿ ಮುಗಿದಾಗ ತಾನಾಗಿಯೇ ನವೀಕರಣ’ ಎಂಬ ಮಾತಿದ್ದರೆ ಅಲ್ಲೇ ಬೆರಳಿಟ್ಟು ಕೇಳಿ. ನವೀಕರಣದ ದಿನ ಬಡ್ಡಿಗೆ ದುಡ್ಡು ಬೇಕೇ ಬೇಕು. ಆ ದಿನ ನಿಮ್ಮ ಬೆಳೆ ಕೈಗೆ ಬರುವ ತಿಂಗಳಿನಲ್ಲಿ ಬೀಳುವಂತೆ ಸಾಲದ ಅವಧಿ ಇಟ್ಟುಕೊಳ್ಳಿ. ಹನ್ನೆರಡು ತಿಂಗಳ ಬದಲು ಹತ್ತು ತಿಂಗಳಿಗೆ ಎಂದು ಕೇಳಿ ನೋಡುವುದರಲ್ಲಿ ತಪ್ಪೇನಿಲ್ಲ.

ಅವಧಿ ಮುಗಿಯುವ ಮೊದಲೇ ಕರೆ ಬರುವ ಸಂದರ್ಭವೂ ಒಂದಿದೆ. ಹೊಸ ನಿಯಮದ ಪ್ರಕಾರ ಎರಡೂವರೆ ಲಕ್ಷದವರೆಗಿನ ಮನೆ ಖರ್ಚಿನ ಸಾಲ ಚಿನ್ನದ ಬೆಲೆಯ ಶೇಕಡಾ 85 ಮೀರಬಾರದು. ಕೊನೆಗೆ ಒಟ್ಟಿಗೆ ಕಟ್ಟುವ ಸಾಲದಲ್ಲಿ ಆ 85ರೊಳಗೆ ಬಡ್ಡಿಯೂ ಸೇರಬೇಕು. ಚಿನ್ನದ ಬೆಲೆ ಬಿದ್ದು ಈ ಮಿತಿ ದಾಟಿದರೆ ‘ಸ್ವಲ್ಪ ಹಣ ಕಟ್ಟಿ, ಇಲ್ಲವೇ ಇನ್ನಷ್ಟು ಒಡವೆ ತನ್ನಿ’ ಎನ್ನುವ ಷರತ್ತು ಪತ್ರದಲ್ಲಿರಬಹುದು. ಎಷ್ಟು ದಿನ ಗಡುವು ಕೊಡುತ್ತಾರೆ ಎಂಬುದನ್ನು ಓದಿ. ಹೆಚ್ಚು ಸಿಗುತ್ತದೆ ಎಂದು ಮಿತಿಯ ತುದಿಯವರೆಗೆ ಸಾಲ ತೆಗೆಯುವುದು ನನಗಂತೂ ಇಷ್ಟವಿಲ್ಲ.

ಮೂರನೆಯದು ಹರಾಜು. ಈ ಭಾಗ ಬಂದಾಗ ಜನ ಪುಟ ತಿರುಗಿಸಿಬಿಡುತ್ತಾರೆ. ಅಪಶಕುನ ಅನ್ನಿಸುತ್ತದೋ ಏನೋ. ಆದರೆ ನಿಮ್ಮ ದುಡ್ಡು ನಿಮಗೆ ವಾಪಸ್ ಬರುವ ದಾರಿ ಇರುವುದು ಅಲ್ಲೇ.

ಮೊದಲು ವಿಳಾಸ. ಹರಾಜಿಗೆ ಮುಂಚೆ ನೋಟಿಸ್ ಕೊಡಲೇಬೇಕು. ನೋಟಿಸ್ ಹೋಗುವುದು ಪತ್ರದಲ್ಲಿರುವ ವಿಳಾಸಕ್ಕೆ. ಆಧಾರ್‌ನಲ್ಲಿ ಹಳ್ಳಿಯ ವಿಳಾಸ, ಮನೆಯವರೆಲ್ಲ ಕೆಲಸಕ್ಕೆ ಬೆಂಗಳೂರಿನಲ್ಲಿ. ಅಂಚೆಯಲ್ಲಿ ಬಂದ ನೋಟಿಸ್ ‘ಮನೆಗೆ ಬೀಗ’ ಎಂಬ ಷರಾ ಹೊತ್ತು ವಾಪಸ್ ಹೋಗುತ್ತದೆ. ಮೊಬೈಲ್ ನಂಬರ್ ಕೂಡ ಬದಲಾಗಿದ್ದರೆ ಮುಗಿಯಿತು. ವಿಳಾಸ, ನಂಬರ್ ಬದಲಾದ ದಿನವೇ ಶಾಖೆಗೆ ಬರೆದುಕೊಟ್ಟು, ಅದರ ಪ್ರತಿಯ ಮೇಲೆ ಸೀಲ್ ಹಾಕಿಸಿಕೊಳ್ಳಿ.

ಆಮೇಲೆ ತೂಕ. ಒಡವೆ ಪರೀಕ್ಷೆ ನಿಮ್ಮ ಎದುರಿಗೇ ಆಗಬೇಕು. ಕಲ್ಲು, ಅರಗು, ದಾರ ಎಲ್ಲ ಕಳೆದು ಉಳಿಯುವ ನಿವ್ವಳ ತೂಕ, ಕ್ಯಾರೆಟ್, ಒಡವೆಯ ಫೋಟೊ ಇರುವ ಪತ್ರ ನಿಮ್ಮ ಕೈಗೆ ಬರಬೇಕು. ಹರಾಜಿನಲ್ಲಿ ಬೆಲೆ ಕಟ್ಟುವುದು ಈ ನಿವ್ವಳ ತೂಕಕ್ಕೆ. ಇದು ತಪ್ಪಿದ್ದರೆ ಮುಂದಿನದೆಲ್ಲ ತಪ್ಪು.

ಹರಾಜು ಶುರುವಾಗುವ ಬೆಲೆ ಅವತ್ತಿನ ಚಿನ್ನದ ಬೆಲೆಯ ಶೇಕಡಾ 90ಕ್ಕಿಂತ ಕಮ್ಮಿ ಇರಬಾರದು. ಎರಡು ಸಲ ಹರಾಜು ವಿಫಲವಾದರೆ ಮಾತ್ರ 85ಕ್ಕೆ ಇಳಿಸಬಹುದು. ಎರಡು ಪತ್ರಿಕೆಗಳಲ್ಲಿ ಪ್ರಕಟಣೆ ಬರಬೇಕು, ಒಂದು ನಮ್ಮ ಭಾಷೆಯದ್ದು. ಸಾಲ ಕೊಟ್ಟ ಸಂಸ್ಥೆ ತಾನೇ ಹರಾಜಿನಲ್ಲಿ ಬೆಲೆ ಕೂಗಿ ಒಡವೆ ಕೊಳ್ಳುವಂತಿಲ್ಲ. ಈಗ ನಮ್ಮ ಲೆಕ್ಕಕ್ಕೆ ಬನ್ನಿ. ಒಡವೆಯ ಬೆಲೆ ಒಂದೂವರೆ ಲಕ್ಷ, 90ರಂತೆ ಹೋದರೂ 1,35,000. ಬಾಕಿ 1,24,000, ಹರಾಜಿನ ಖರ್ಚು ಒಂದೂವರೆ ಸಾವಿರ ಎಂದಿಟ್ಟುಕೊಳ್ಳಿ. ಉಳಿಯುವುದು 9,500 ರೂಪಾಯಿ. ಶೇಕಡಾ 14ರ ಸಾಲವಾಗಿದ್ದರೆ ಉಳಿಯುತ್ತಿದ್ದುದು 19,500. ಹರಾಜಿನ ಹಣ ಪೂರ್ತಿ ಬಂದ 7 ಕೆಲಸದ ದಿನಗಳೊಳಗೆ ಈ ಮಿಕ್ಕ ಹಣವನ್ನು ನಿಮಗೆ ಕೊಡಬೇಕು. ಹರಾಜಿನ ಖರ್ಚು ಎಷ್ಟು, ಮಿಕ್ಕ ಹಣ ಯಾವ ಖಾತೆಗೆ ಬರುತ್ತದೆ, ಇವೆರಡೂ ಪತ್ರದಲ್ಲಿ ಇವೆಯೇ ನೋಡಿ. ‘ಈ ಒಡವೆ ನಿಮ್ಮ ಬೇರೆ ಸಾಲಗಳಿಗೂ ಭದ್ರತೆ’ ಎಂಬ ಸಾಲು ಇದ್ದರೆ ಮಿಕ್ಕ ಹಣ ಅತ್ತ ಹೋಗಿಬಿಡಬಹುದು. ಸಹಿಗೆ ಮುಂಚೆಯೇ ಅದರ ಬಗ್ಗೆ ಕೇಳಿ.

ಓದಲು ಬಾರದವರಿಗೆ ಸಂಸ್ಥೆಯ ನೌಕರರಲ್ಲದ ಒಬ್ಬ ಸಾಕ್ಷಿಯ ಎದುರು ಷರತ್ತುಗಳನ್ನು ವಿವರಿಸಬೇಕು. ತಾಯಂದಿರು ಒಬ್ಬರೇ ಹೋಗುವ ಬದಲು ಓದು ಬರುವ ಮಗಳನ್ನೋ ಮೊಮ್ಮಗನನ್ನೋ ಕರೆದುಕೊಂಡು ಹೋಗಿ.

ಹರಾಜಿನ ಲೆಕ್ಕ ಕೊಡದಿದ್ದರೆ, ಮಿಕ್ಕ ಹಣ ಬಾರದಿದ್ದರೆ ಮೊದಲು ಸಂಸ್ಥೆಗೇ ಬರಹದಲ್ಲಿ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಗ್ರಾಹಕರ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಅಧಿಕಾರಿ, ಅಂದರೆ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಅದಕ್ಕೆ ಶುಲ್ಕವಿಲ್ಲ. cms.rbi.org.in ಎಂಬ ತಾಣದಲ್ಲಿ ದೂರು ಹಾಕಬಹುದು, ಮಾಹಿತಿಗೆ 14448ಕ್ಕೆ ಫೋನ್ ಮಾಡಬಹುದು. ಗಿರವಿ ಅಂಗಡಿಯಲ್ಲಿ ಇಟ್ಟ ಒಡವೆಗೆ ಈ ದಾರಿ ಇಲ್ಲ. ಆ ಅಂಗಡಿಗಳು ರಾಜ್ಯದ 1961ರ ಗಿರವಿದಾರರ ಕಾಯ್ದೆಯ ಕೆಳಗೆ ಬರುತ್ತವೆ. ಅಲ್ಲಿ ಒಡವೆ ಇಡುವುದಾದರೆ ಲೈಸೆನ್ಸ್ ಇದೆಯೇ ಎಂದು ಮೊದಲು ನೋಡಿ. ತೂಕ, ಬಡ್ಡಿ, ತಾರೀಖು ಬರೆದ ಚೀಟಿ ಕೈಗೆ ಬರುವವರೆಗೆ ಒಡವೆಯನ್ನು ಕೌಂಟರ್ ದಾಟಿಸಬೇಡಿ.

ನಮಸ್ಕಾರ.