ಲಿಫ್ಟಿಗೆ ಸಾವಿರದೈನೂರು

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನ ಮನೆಗಳ ಬಾಡಿಗೆ ಅಂದಾಜು ಮಾಡುವ ಕಂಪ್ಯೂಟರ್ ಮಾದರಿಯೊಂದರ ಕೆಲಸ ನನ್ನದು. ಮಲ್ಲೇಶ್ವರದ ಒಂದು ಹಳೇ ಮನೆಗೆ ಅದು 33,000 ರೂಪಾಯಿ ಹೇಳಿತು. ಯಜಮಾನರು ಬಂದು ಕೂತರು. “ಪಕ್ಕದ ಬೀದಿಲಿ 38 ಬರ್ತಿದೆ ಕಣ್ರೀ. ನಿಮ್ಮ ಕಂಪ್ಯೂಟರಿಗೆ ನಮ್ಮನೆ ಮೇಲೇನು ಸಿಟ್ಟು?”

ನಾನು ಮೊದಲು ತೋರಿಸಿದ್ದು ಫೀಚರ್ ಇಂಪಾರ್ಟೆನ್ಸ್ ಪಟ್ಟಿ. ಅದೇ ತಪ್ಪಾಯಿತು. ಊರಿನ ಅಷ್ಟೂ ಮನೆಗಳಲ್ಲಿ ಮಾದರಿ ಯಾವ ಅಂಶವನ್ನು ಹೆಚ್ಚು ನೆಚ್ಚಿಕೊಂಡಿದೆ ಎಂಬುದಷ್ಟೇ ಅದರಲ್ಲಿರುತ್ತದೆ. ಅವರ ಮನೆಯ ಬಾಡಿಗೆಯನ್ನು ಯಾವುದು ಏರಿಸಿತು, ಯಾವುದು ಇಳಿಸಿತು ಎಂಬುದಕ್ಕೆ ಅಲ್ಲಿ ಉತ್ತರವಿಲ್ಲ.

ಅದಕ್ಕೆ ಬೇಕಾದದ್ದು ಶ್ಯಾಪ್ ಎಂಬ ವಿಧಾನ. ನಾಲ್ಕು ಜನ ಸೇರಿ ಗಳಿಸಿದ್ದನ್ನು ನ್ಯಾಯವಾಗಿ ಹಂಚುವುದು ಹೇಗೆ ಎಂದು 1953ರಲ್ಲಿ ಗಣಿತಜ್ಞ ಲಾಯ್ಡ್ ಶ್ಯಾಪ್ಲಿ ಹಾಕಿದ ಲೆಕ್ಕವೇ ಅದರ ಬೇರು. ಅಂಶಗಳನ್ನು ಒಂದೊಂದಾಗಿ ಸೇರಿಸುತ್ತ ಹೋದಾಗ ಅಂದಾಜು ಎಷ್ಟು ಬದಲಾಯಿತು ಎಂದು ನೋಡುವುದು. ಯಾವುದನ್ನು ಮೊದಲು ಸೇರಿಸಿದೆವು ಎಂಬುದರ ಮೇಲೆ ಉತ್ತರ ಬದಲಾಗುವುದರಿಂದ, ಸಾಧ್ಯವಿರುವ ಎಲ್ಲ ಸರದಿಗಳ ಸರಾಸರಿ ತೆಗೆಯುವುದು.

ಯಜಮಾನರಿಗೆ ಕಾಗದದ ಮೇಲೆ ಬರೆದುಕೊಟ್ಟೆ. ಅಂಕಿಗಳನ್ನು ಇಲ್ಲಿ ದುಂಡಾಗಿಸಿದ್ದೇನೆ. ನಮ್ಮ ಪಟ್ಟಿಯ ಮನೆಗಳಿಗೆ ಮಾದರಿ ಹೇಳುವ ಬಾಡಿಗೆಯ ಸರಾಸರಿ 25,000. ಮಲ್ಲೇಶ್ವರ ಎಂಬುದಕ್ಕೆ 6,000 ಏರಿತು, ವಿಸ್ತೀರ್ಣಕ್ಕೆ 4,000, ಮೆಟ್ರೊ ಹತ್ತಿರವಿರುವುದಕ್ಕೆ 2,500. ಕಟ್ಟಡ ಹಳೆಯದೆಂದು 3,000 ಇಳಿಯಿತು, ಲಿಫ್ಟ್ ಇಲ್ಲವೆಂದು 1,500. ಕೂಡಿ ಕಳೆದರೆ ಸರಿಯಾಗಿ 33,000. ದಿನಸಿ ಅಂಗಡಿಯ ಚೀಟಿಯಂತೆ ಲೆಕ್ಕ ತಾಳೆಯಾಗುವುದರಿಂದ ಇದು ಜನರಿಗೆ ಬೇಗ ಹಿಡಿಸುತ್ತದೆ.

ತೊಡಕು ಶುರುವಾಗುವುದೂ ಅಲ್ಲೇ. “ಹಾಗಾದ್ರೆ ಲಿಫ್ಟ್ ಹಾಕಿಸಿದ್ರೆ ತಿಂಗಳಿಗೆ 1,500 ಜಾಸ್ತಿ ಸಿಗುತ್ತಲ್ವಾ?”

ಸಿಗುತ್ತದೆ ಎನ್ನಲು ಬರುವುದಿಲ್ಲ. ಲಿಫ್ಟ್ ಇರುವ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಜನರೇಟರ್, ಸೆಕ್ಯುರಿಟಿ, ಕಾರ್ ಪಾರ್ಕಿಂಗ್ ಕೂಡ ಇರುತ್ತವೆ. ಇವು ಮೂರೂ ನಮ್ಮ ಮಾಹಿತಿಯಲ್ಲಿರಲಿಲ್ಲ. ಅವುಗಳಿಂದ ಬಂದ ಬೆಲೆಯನ್ನೂ ಮಾದರಿ ಲಿಫ್ಟಿನ ಖಾತೆಗೇ ಬರೆದಿರಬಹುದು. ಆ 1,500 ಮಾದರಿಯ ಲೆಕ್ಕದೊಳಗಿನ ಸಂಖ್ಯೆ, ಬಾಡಿಗೆದಾರ ಕೊಡುವ ದುಡ್ಡಲ್ಲ.

ಪಾರ್ಶಿಯಲ್ ಡಿಪೆಂಡೆನ್ಸ್ ಗೆರೆಯೂ ಇದರಿಂದ ಪಾರು ಮಾಡುವುದಿಲ್ಲ. ಎಲ್ಲ ಮನೆಗಳ ವಿಸ್ತೀರ್ಣವನ್ನೂ 400 ಚದರಡಿ ಎಂದು ಬದಲಿಸಿ ಸರಾಸರಿ ಬಾಡಿಗೆ ನೋಡು, ಆಮೇಲೆ 500 ಮಾಡಿ ನೋಡು, ಹೀಗೆ ಬಂದ ಸರಾಸರಿಗಳನ್ನು ಸೇರಿಸಿ ಗೆರೆ ಎಳೆ ಎನ್ನುವ ವಿಧಾನ ಅದು. ನಾಲ್ಕು ಬೆಡ್‌ರೂಮಿನ ಮನೆಯನ್ನೂ 400 ಚದರಡಿಗೆ ತುರುಕುತ್ತದೆ! ಅಂಥ ಮನೆಯನ್ನು ಮಾದರಿ ಕಂಡೇ ಇಲ್ಲ, ಹಾಗಾಗಿ ಆ ಜಾಗದ ಗೆರೆಯನ್ನು ನಂಬುವಂತಿಲ್ಲ. ನಿಜವಾದ ಮನೆಗಳು ಎಲ್ಲೆಲ್ಲಿವೆ ಎಂದು ಗೆರೆಯ ಕೆಳಗೆ ಚುಕ್ಕಿ ಇಟ್ಟರೆ, ಚುಕ್ಕಿ ವಿರಳವಾದ ಕಡೆ ಯಾರಿಗಾದರೂ ಅನುಮಾನ ಬರುತ್ತದೆ.

ಅಂದಿನಿಂದ ನಮ್ಮ ಚೀಟಿಯ ತಲೆಬರಹದಲ್ಲಿದ್ದ ‘ಕಾರಣಗಳು’ ಎಂಬ ಪದ ತೆಗೆದು, ‘ಈ ಅಂದಾಜು ಬಂದ ಲೆಕ್ಕ’ ಎಂದು ಬರೆಯುತ್ತಿದ್ದೇವೆ. ಯಜಮಾನರು ಲಿಫ್ಟ್ ಹಾಕಿಸಲಿಲ್ಲ. ಪಕ್ಕದ ಬೀದಿಯ ಮನೆಗೆ ಕಾರ್ ಪಾರ್ಕಿಂಗ್ ಇತ್ತೇ ಎಂದು ವಿಚಾರಿಸಿಕೊಂಡು ಬಂದರು. ಇತ್ತಂತೆ.