ಗೊರಕೆಯ ಪ್ರಶ್ನೆ ಯಾರಿಗೆ ಕೇಳಬೇಕು?

ಎಲ್ಲರಿಗೂ ನಮಸ್ಕಾರ. ಆಪರೇಷನ್‌ಗೆ ಮೊದಲು ಅರವಳಿಕೆ ವೈದ್ಯರು ತುಂಬುವ ಫಾರಂ ಬಗ್ಗೆ ಹೇಳಿ ಅಂದಿದ್ದೀರಿ. ಇಡೀ ಫಾರಂ ಓದಿದರೆ ನೀವೇ ಗೊರಕೆ ಹೊಡೆಯುತ್ತೀರಿ. ಹಾಗಾಗಿ ಒಬ್ಬರ ಫಾರಂ ಮಾತ್ರ ನೋಡೋಣ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರು, ವಯಸ್ಸು 52. ಶಿವಮೊಗ್ಗದಲ್ಲಿ ಹರ್ನಿಯಾ ಆಪರೇಷನ್. ಬೆಳಿಗ್ಗೆ ಬಂದು ಸಂಜೆ ಮನೆಗೆ ಹೋಗುವ ಲೆಕ್ಕ. ತಪಾಸಣೆಗೆ ಬಂದ ದಿನ ಬಿಪಿ 172/98 ಇತ್ತು. ಬಸ್ಸಿಳಿದು ದಡಬಡ ಬಂದವರ ಬಿಪಿ ಅದು. ಕಾಲು ಗಂಟೆ ಸುಮ್ನೆ ಕೂರಿಸಿ ಮತ್ತೆ ನೋಡಿದೆ, 150/90. 180/110ರ ಒಳಗಿದ್ದರೆ ಬರೀ ಬಿಪಿಗೋಸ್ಕರ ನಾವು ಆಪರೇಷನ್ ಮುಂದಕ್ಕೆ ಹಾಕುವುದಿಲ್ಲ. ಬಿಪಿಗೆ ಅವರು ನುಂಗುತ್ತಿದ್ದ ಆಮ್ಲೋಡಿಪಿನ್ ಮಾತ್ರೆಯನ್ನು ಆಪರೇಷನ್ ದಿನ ಬೆಳಿಗ್ಗೆಯೂ ಒಂದು ಗುಟುಕು ನೀರಲ್ಲಿ ನುಂಗಿ ಎಂದೆ. ಖಾಲಿ ಹೊಟ್ಟೆ ಅಂದರೆ ಮಾತ್ರೆಯನ್ನೂ ಬಿಡುವವರೇ ಜಾಸ್ತಿ. ಬಿಪಿಯದೇ ಇನ್ನೊಂದು ಮಾತ್ರೆ ಟೆಲ್ಮಿಸಾರ್ಟನ್ ಮಾತ್ರ 24 ಗಂಟೆ ಮೊದಲೇ ನಿಲ್ಲಿಸಿದೆ. ಅರವಳಿಕೆ ಜೊತೆ ಸೇರಿದರೆ ಅದು ಬಿಪಿಯನ್ನು ತೀರಾ ಕೆಳಗಿಳಿಸಬಹುದು.

ಆಮೇಲೆ ಗೊರಕೆ. "ಎಲ್ರಿಗೂ ಇದ್ದಂಗೇ ಸಾರ್, ಸ್ವಲ್ಪ" ಎಂದರು. ಪಕ್ಕದಲ್ಲಿದ್ದ ಹೆಂಡತಿ ಬಿಡಲಿಲ್ಲ. "ಸ್ವಲ್ಪ ಅಂತೆ! ಜಗಲೀಲಿ ಮಲಗಿದ್ರೆ ಅಡುಗೆಮನೆಗೆ ಕೇಳತ್ತೆ. ಗೊರಕೆ ಅಭ್ಯಾಸ ಆಗೋಗಿದೆ ಡಾಕ್ಟ್ರೇ. ಅದು ನಿಂತಾಗ್ಲೇ ನಂಗೆ ಎಚ್ಚರ ಆಗೋದು."

ನನಗೆ ಬೇಕಿದ್ದದ್ದು ಈ ಮಾತೇ. ನಿದ್ದೆಯಲ್ಲಿ ತನ್ನ ಉಸಿರು ನಿಲ್ಲುವುದು ಯಾರಿಗೆ ತಾನೇ ಗೊತ್ತಾಗುತ್ತದೆ?

ನಿದ್ದೆಯಲ್ಲಿ ಉಸಿರು ನಿಲ್ಲುವ ಈ ತೊಂದರೆ ಇದೆಯಾ ಅಂತ ಅಂದಾಜು ಮಾಡಲು ಸ್ಟಾಪ್-ಬ್ಯಾಂಗ್ ಅಂತ ಎಂಟು ಪ್ರಶ್ನೆಗಳಿವೆ, ಹೌದಾದರೆ ಒಂದೊಂದು ಅಂಕ. ಜೋರು ಗೊರಕೆ, ಉಸಿರು ನಿಂತದ್ದನ್ನು ಕಂಡವರು, ಬಿಪಿ, 50 ದಾಟಿದ ವಯಸ್ಸು, ಗಂಡಸು: ಅಲ್ಲಿಗೆ ಐದಾಯ್ತು. ಟೇಪು ಹಿಡಿದರೆ ಕತ್ತು 43 ಸೆಂ.ಮೀ., 40ಕ್ಕಿಂತ ಜಾಸ್ತಿ, ಆರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ ಬಿಎಂಐ 29 ಇದ್ದದ್ದರಿಂದ ಅದಕ್ಕೆ ಅಂಕ ಇಲ್ಲ, 35 ದಾಟಬೇಕು. ಉಳಿದದ್ದು ಹಗಲಿನ ಸುಸ್ತು. ಊಟ ಆದಮೇಲೆ ಮಲಗ್ತೀನಿ ಎಂದರು. ಅದಕ್ಕೆ ಅಂಕ ಕೊಟ್ಟರೆ ಅರ್ಧ ಮಲೆನಾಡಿಗೇ ಕೊಡಬೇಕಾಗುತ್ತೆ, ಅಲ್ವಾ? ಬಿಟ್ಟೆ. ಐದು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಅಪಾಯ ಹೆಚ್ಚಿನ ಗುಂಪು. ಇದು ಬರೀ ಅನುಮಾನ, ಖಚಿತ ಮಾಡುವುದು ನಿದ್ದೆಯ ಪರೀಕ್ಷೆ.

ಮಂಪರಿನ ಔಷಧಿ, ಅಫೀಮಿನ ಜಾತಿಯ ನೋವಿನ ಔಷಧಿ ಎರಡೂ ಇಂಥವರ ಗಂಟಲನ್ನು ಇನ್ನೂ ಸಡಿಲ ಮಾಡುತ್ತವೆ. ಹಾಗಾಗಿ ಎಚ್ಚರವಿರುವಾಗಲೇ ತೊಡೆಸಂದಿಗೆ ಮಾತ್ರ ಮರಗಟ್ಟಿಸುವ ಇಂಜೆಕ್ಷನ್, ನೋವಿಗೆ ಪ್ಯಾರಾಸಿಟಮಾಲ್ ಕೊಡಿ, ಅಫೀಮಿನ ಜಾತಿಯ ಟ್ರಮಡಾಲ್ ಬೇಡ ಎಂದು ಬರೆದೆ. ಪಟ್ಟಿಯಲ್ಲಿ ಮೊದಲನೇ ಕೇಸು. ಫಾರಂನಲ್ಲಿ ಇಲ್ಲದ ಒಂದು ಸಾಲನ್ನು ಪೆನ್ನಲ್ಲಿ ಸೇರಿಸಿದೆ: "ಮನೆ 60 ಕಿ.ಮೀ., ಕೊನೆಗೆ ಮಣ್ಣಿನ ರಸ್ತೆ, ಮಳೆಗಾಲ. ಆಕ್ಸಿಜನ್ ಮಾಸ್ಕ್ ಇಲ್ಲದೆ ನಿದ್ದೆ ಮಾಡಿದಾಗ ರಕ್ತದ ಆಕ್ಸಿಜನ್ ಶೇಕಡಾ 90ರ ಕೆಳಗೆ ಇಳಿದರೆ ಮನೆಗೆ ಕಳಿಸಬಾರದು."

ಆಪರೇಷನ್ ಸಲೀಸಾಗಿ ಮುಗಿಯಿತು. ಮಧ್ಯಾಹ್ನ ಮಾತಾಡುತ್ತಿದ್ದಾಗ ಆಕ್ಸಿಜನ್ 97 ಇತ್ತು. ಮಾತಾಡಿಸದೆ ಬಿಟ್ಟೆವು, ನಿದ್ದೆ ಬಂತು. ಗೊರಕೆ ಜೋರಾಯಿತು, ನಿಂತಿತು. ಮಾನಿಟರ್ 86 ತೋರಿಸಿತು. ಮುಖಕ್ಕೆ ಆಕ್ಸಿಜನ್ ಮಾಸ್ಕ್ ಹಾಕಿದ್ದರೆ ಇದು ಕಾಣದೇ ಹೋಗುತ್ತಿತ್ತೇನೋ.

ರಾತ್ರಿ ಉಳಿಸಿಕೊಂಡೆವು, ತಲೆ ಕಡೆ ಮಂಚ ಎತ್ತರಿಸಿ, ಬೆರಳಿಗೆ ಆಕ್ಸಿಜನ್ ಅಳೆಯುವ ಕ್ಲಿಪ್ ಹಾಕಿ. ಬೆಳಿಗ್ಗೆ ನಿದ್ದೆಯ ಪರೀಕ್ಷೆಗೆ ಚೀಟಿ ಬರೆಯುವಾಗ ಹೆಂಡತಿ ಕೇಳಿದ್ದು ಒಂದೇ: "ನಿಮ್ಮ ನರ್ಸಮ್ಮಂಗೆ ನಿದ್ದೆ ಬಂತಾ?"