ಕೋರೆಹಲ್ಲು ಇಳಿಯುವ ಮುನ್ನ

ಸಭೆಯಲ್ಲಿರುವ ಪೋಷಕರಿಗೆ, ಶಿಕ್ಷಕರಿಗೆ, ಆಶಾ ಕಾರ್ಯಕರ್ತೆಯರಿಗೆ ನಮಸ್ಕಾರ.

ಸೀಳುತುಟಿಯೊಂದಿಗೆ ಹುಟ್ಟಿದ ಮಗುವನ್ನು ನಮ್ಮ ದಾವಣಗೆರೆ ಸೀಮೆಯಲ್ಲಿ ಇಂದಿಗೂ ‘ಗ್ರಹಣ ಹಿಡಿದ ಕೂಸು’ ಎನ್ನುವವರಿದ್ದಾರೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಗರ್ಭ ಕಟ್ಟಿದ ಮೊದಲ ಮೂರು ತಿಂಗಳೊಳಗೆ ಎರಡೂ ಕಡೆಯಿಂದ ಬೆಳೆದು ಬಂದು ಒಂದಾಗಬೇಕಾದ ಮುಖದ ಭಾಗಗಳು ಒಂದಾಗದೆ ಉಳಿದಾಗ ಸೀಳು ಉಂಟಾಗುತ್ತದೆ. ಇದರಲ್ಲಿ ತಾಯಿಯ ತಪ್ಪು ಏನೂ ಇಲ್ಲ.

ಸಾಮಾನ್ಯವಾಗಿ ತುಟಿಯ ಶಸ್ತ್ರಚಿಕಿತ್ಸೆ 3ರಿಂದ 6 ತಿಂಗಳಲ್ಲಿ, ಅಂಗುಳದ್ದು 9ರಿಂದ 18 ತಿಂಗಳೊಳಗೆ ಆಗುತ್ತದೆ. ಇವೆರಡು ಮುಗಿದವೆಂದರೆ ಚಿಕಿತ್ಸೆಯೇ ಮುಗಿಯಿತೆಂದು ಬಹಳಷ್ಟು ಕುಟುಂಬಗಳು ಆಸ್ಪತ್ರೆಯ ಕಡೆ ಬರುವುದನ್ನು ನಿಲ್ಲಿಸಿಬಿಡುತ್ತವೆ. ಆದರೆ ತುಟಿಗೂ ಅಂಗುಳಕ್ಕೂ ನಡುವೆ, ಮೇಲ್ದವಡೆಯ ವಸಡಿನಲ್ಲಿ, ಹಲ್ಲು ನಿಲ್ಲಬೇಕಾದ ಜಾಗದಲ್ಲಿ ಮೂಳೆಯೇ ಇಲ್ಲದ ಒಂದು ಸೀಳು ಹಾಗೆಯೇ ಉಳಿದಿರುತ್ತದೆ. ಇಂದು ನಾನು ಮಾತಾಡಬೇಕೆಂದಿರುವುದು ಆ ಸೀಳಿನ ಬಗ್ಗೆ.

ಜಗಳೂರು ಕಡೆಯ ಹಳ್ಳಿಯೊಂದರಿಂದ ಎಂಟು ವರ್ಷದ ಹುಡುಗನೊಬ್ಬನನ್ನು ಅವನ ತಾಯಿ ಕರೆತಂದಿದ್ದರು. ‘ಹಲ್ಲು ಸೊಟ್ಟ ಬಂದಾವೆ ಸರ್’ ಎಂಬುದಷ್ಟೇ ಅವರ ದೂರು. ಕುಡಿಯಲು ಮಜ್ಜಿಗೆ ಕೊಡಿಸಿ ತಲೆ ತಗ್ಗಿಸಲು ಹೇಳಿದೆ. ಎಡ ಹೊಳ್ಳೆಯಿಂದ ಬಿಳಿಯ ಹನಿ ಇಳಿಯಿತು. ಹುಡುಗ ಅದನ್ನು ಅಂಗಿಯ ತೋಳಿನಿಂದ ಥಟ್ಟನೆ ಒರೆಸಿಕೊಂಡ. ಅದು ಅವನಿಗೆ ರೂಢಿಯಾಗಿತ್ತು. ಶಾಲೆಯಲ್ಲಿ ಬಗ್ಗಿ ನಲ್ಲಿ ನೀರು ಕುಡಿಯುತ್ತಿರಲಿಲ್ಲವೆಂದು ಆಮೇಲೆ ತಿಳಿಯಿತು. ತುಟಿಯನ್ನು ಎತ್ತಿ ನೋಡಿದಾಗ ವಸಡಿನ ಸಂದಿಯಲ್ಲಿ ಸಣ್ಣ ರಂಧ್ರ, ಅದರ ಅಂಚಿನಲ್ಲಿ ಒಂದು ಹೆಚ್ಚುವರಿ ಪುಟ್ಟ ಹಲ್ಲು, ಹಿಂದೆ ಹುಳುಕು ಹಿಡಿದ ಎರಡು ಹಾಲುಹಲ್ಲುಗಳು ಕಂಡವು. ಎಡಭಾಗದ ದವಡೆ ಒಳಕ್ಕೆ ಕುಸಿದಿದ್ದರಿಂದ ಆ ಬದಿಯ ಮೇಲಿನ ಹಲ್ಲುಗಳು ಕೆಳಗಿನವುಗಳ ಒಳಗೆ ಕಚ್ಚುತ್ತಿದ್ದವು.

ಎಕ್ಸ್‌ರೇಯಲ್ಲಿ ನಾವು ಮೊದಲು ನೋಡುವುದು ಕೋರೆಹಲ್ಲನ್ನು. ಅದು ಇನ್ನೂ ಮೇಲೆ, ಮೂಳೆಯೊಳಗೆ ಇರುತ್ತದೆ. ಅದರ ಬೇರು ಅರ್ಧದಿಂದ ಮೂರರಲ್ಲಿ ಎರಡು ಭಾಗ ಬೆಳೆದಿರುವ ಹೊತ್ತು, ಅಂದರೆ ಹೆಚ್ಚಾಗಿ 8ರಿಂದ 11 ವರ್ಷದ ನಡುವೆ, ಮೂಳೆ ಕಸಿಗೆ ಸೂಕ್ತ ಕಾಲ. ಸೊಂಟದ ಮೂಳೆಯ ಒಳಗಿನ ಮೆತ್ತನೆಯ ಭಾಗವನ್ನು ತೆಗೆದು ಸೀಳಿನಲ್ಲಿ ತುಂಬಿದರೆ, ಕೋರೆಹಲ್ಲು ಆ ಹೊಸ ಮೂಳೆಯ ಮೂಲಕವೇ ಇಳಿಯುತ್ತದೆ, ಇಳಿಯುತ್ತಾ ಆ ಮೂಳೆಯನ್ನು ಉಳಿಸಿಕೊಳ್ಳುತ್ತದೆ. ತಡವಾದರೆ ಹಲ್ಲು ಸೀಳಿನೊಳಕ್ಕೇ ಇಳಿಯುತ್ತದೆ, ಅದರ ಬೇರಿನ ಒಂದು ಬದಿ ಬರಿದಾಗುತ್ತದೆ. ಹಾಗೆ ಬರಿದಾದ ಬೇರಿಗೆ ಆಮೇಲೆ ತುಂಬಿದ ಮೂಳೆ ಹಿಡಿಯುವುದಿಲ್ಲ. ಯಾವ ಹಲ್ಲೂ ಬಂದು ನಿಲ್ಲದ ಕಡೆ ಕಸಿ ಮಾಡಿದ ಮೂಳೆ ಕಾಲಕ್ರಮದಲ್ಲಿ ಸವೆದು ತಗ್ಗುತ್ತದೆ.

ಈ ಹುಡುಗನ ಕೋರೆಹಲ್ಲಿನ ಬೇರು ಆಗಿನ್ನೂ ಮೂರನೇ ಒಂದು ಭಾಗದಷ್ಟೇ ಬೆಳೆದಿತ್ತು. ನಮಗೆ ಒಂದು ವರ್ಷದ ಅವಕಾಶ ಸಿಕ್ಕಿತು, ಆ ವರ್ಷವೆಲ್ಲ ದಂತವೈದ್ಯರ ಕೆಲಸವೇ. ಮಕ್ಕಳ ದಂತವೈದ್ಯರು ಹುಳುಕು ಹಲ್ಲುಗಳನ್ನು ಸರಿಪಡಿಸಿ, ಸೀಳಿನ ಬದಿಯಲ್ಲಿ ಬ್ರಷ್ ಹೇಗೆ ಆಡಿಸಬೇಕೆಂದು ತಾಯಿಗೂ ಮಗನಿಗೂ ಕನ್ನಡಿ ಹಿಡಿದು ತೋರಿಸಿದರು. ನಾವು ಅಂಗುಳಕ್ಕೆ ತಂತಿಯ ಸಾಧನ ಕೂರಿಸಿ, ಕುಸಿದ ಭಾಗವನ್ನು ಸುಮಾರು ಆರು ತಿಂಗಳಲ್ಲಿ ಹೊರಕ್ಕೆ ತಂದೆವು. ಹಾಗೆ ಜಾಗ ತೆರೆದರೆ ಶಸ್ತ್ರವೈದ್ಯರ ಕೈಗೆ ಸೀಳು ಸರಿಯಾಗಿ ಎಟುಕುತ್ತದೆ. ಸೀಳಿನ ಪಕ್ಕದ ತಿರುಗಿದ ಬಾಚಿಹಲ್ಲನ್ನು ನೇರ ಮಾಡಿಕೊಡಿ ಎಂದು ತಾಯಿ ಪದೇ ಪದೇ ಕೇಳುತ್ತಿದ್ದರು. ಅದರ ಬೇರಿನ ಮೇಲೆ ಕಾಗದದಷ್ಟು ತೆಳು ಮೂಳೆ ಮಾತ್ರ ಇತ್ತು, ಕಸಿಗೆ ಮುಂಚೆ ತಿರುಗಿಸಿದ್ದರೆ ಅದನ್ನೂ ಕಳೆದುಕೊಳ್ಳುತ್ತಿದ್ದೆವು. ಬೇಡವೆಂದು ಹೇಳುವುದು ಕಷ್ಟವಾಯಿತು. ಹೆಚ್ಚುವರಿ ಹಲ್ಲನ್ನು ಮಾತ್ರ ಶಸ್ತ್ರಚಿಕಿತ್ಸೆಗೆ ಎರಡು ತಿಂಗಳು ಮೊದಲು ಕಿತ್ತೆವು, ಏಕೆಂದರೆ ಹೊಲಿಗೆ ಹಾಕುವ ವೇಳೆಗೆ ಅಲ್ಲಿನ ವಸಡು ಮಾಗಿರಬೇಕು.

ಶಸ್ತ್ರವೈದ್ಯರು ಮೊದಲು ಮೂಗಿನ ಕಡೆಯ ಪದರವನ್ನು ಮುಚ್ಚಿ, ಮೂಳೆ ತುಂಬಿ, ನಂತರ ಬಾಯಿಯ ಕಡೆಯ ವಸಡನ್ನು ಎಳೆತವಿಲ್ಲದಂತೆ ಹೊಲಿದರು. ಇಲ್ಲಿ ಕೆಡುವುದು ಹೆಚ್ಚಾಗಿ ಹೊಲಿಗೆ ಬಿಟ್ಟು ಸೋಂಕು ತಗುಲುವುದರಿಂದ. ಬಾಯಿಯಿಂದ ದುರ್ವಾಸನೆ, ಹರಳಿನಂಥ ಮೂಳೆಯ ಚೂರುಗಳು ಉದುರುವುದು, ಮತ್ತೆ ಮೂಗಿನಿಂದ ನೀರು ಬರುವುದು ಅದರ ಗುರುತುಗಳು. ಇವುಗಳಲ್ಲಿ ಒಂದು ಕಂಡರೂ ಮುಂದಿನ ಭೇಟಿಯ ದಿನಕ್ಕೆ ಕಾಯಬಾರದು. ಹಿಗ್ಗಿಸಿದ ದವಡೆ ಮತ್ತೆ ಕುಸಿಯದಂತೆ ಹಿಡಿದಿಡುವ ತಂತಿಯನ್ನೂ ‘ಆಪರೇಷನ್ ಆಯ್ತಲ್ಲ’ ಎಂದು ತೆಗೆಸಿಕೊಳ್ಳಬಾರದು.

ಇನ್ನೊಂದು ಹಂತ ಹದಿಹರೆಯದಲ್ಲಿದೆ. ಬಾಲ್ಯದ ಶಸ್ತ್ರಚಿಕಿತ್ಸೆಯ ಗಾಯದ ಗುರುತು ಕೆಲವರಲ್ಲಿ ಮೇಲ್ದವಡೆಯ ಬೆಳವಣಿಗೆಯನ್ನು ತಡೆದು ಮುಖದ ನಡುಭಾಗ ಹಿಂದೆ ಉಳಿಯುವಂತೆ ಮಾಡುತ್ತದೆ. ದವಡೆಯನ್ನು ಮುಂದಕ್ಕೆ ತರುವ ಶಸ್ತ್ರಚಿಕಿತ್ಸೆ ಬೆಳವಣಿಗೆ ನಿಂತ ಮೇಲೇ ಆಗಬೇಕು, ಅದೂ ಮಾತಿನ ತಜ್ಞರು ಪರೀಕ್ಷಿಸಿದ ನಂತರ, ಏಕೆಂದರೆ ದವಡೆ ಮುಂದೆ ಬಂದಾಗ ಮಾತು ಮೂಗಿನಿಂದ ಬರಬಹುದು.

ಆ ಹುಡುಗ ಹನ್ನೊಂದೂವರೆ ವರ್ಷದವನಿದ್ದಾಗ ಮತ್ತೆ ಬಂದಿದ್ದ. ತುಟಿ ಎತ್ತಿದಾಗ, ರಂಧ್ರವಿದ್ದ ಜಾಗದ ವಸಡಿನಲ್ಲಿ ಕೋರೆಹಲ್ಲಿನ ತುದಿ ಅಕ್ಕಿಕಾಳಿನಷ್ಟು ಕಾಣುತ್ತಿತ್ತು. ಬಾಚಿಹಲ್ಲನ್ನು ತಿರುಗಿಸುವ ಕೆಲಸವನ್ನು ಅಂದಿನಿಂದ ಆರಂಭಿಸಿದೆವು.